ಕಾಲು ಸುತ್ತು ತಿರುಗಿದ ಮನೆ

ಪುರಸಭೆಯ ಕಂದಾಯ ಶಾಖೆಯಲ್ಲಿ 26 ವರ್ಷ ಗುಮಾಸ್ತಿಕೆ ಮಾಡಿ ಹೊರಬಂದಿದ್ದೇನೆ. ಇವತ್ತಿಗೂ ಯಾವುದಾದರೂ ಬೀದಿಯಲ್ಲಿ ನಡೆಯುವಾಗ ಮನೆ ಕಾಣುವ ಮೊದಲು ಅದರ ಖಾತಾ ನಂಬರ್ ನೆನಪಾಗುತ್ತದೆ. ಹೆಂಡತಿ ಬಯ್ಯುತ್ತಾಳೆ. ಮದುವೆ ಮನೆಗೆ ಹೋದಾಗಲೂ ಚಪ್ಪರ ನೋಡದೆ, ಇವರು ಮೊದಲ ಮಹಡಿ ಕಟ್ಟಿ ಎಷ್ಟು ವರ್ಷವಾಯಿತು, ತೆರಿಗೆಗೆ ಸೇರಿಸಿದ್ದಾರಾ ಎಂದು ಲೆಕ್ಕ ಹಾಕುವ ಚಾಳಿ ನನ್ನದು.

ಇದು 2016ರ ಮಾರ್ಚ್ ತಿಂಗಳ ಮಾತು. ಮಾರ್ಚ್ ಅಂದರೆ ನಮಗೆ ಸುಗ್ಗಿಯೂ ಹೌದು, ತಿಥಿಯೂ ಹೌದು. ವರ್ಷದ ಡಿಮ್ಯಾಂಡ್ ಎಷ್ಟು, ವಸೂಲಾದದ್ದೆಷ್ಟು, ಬಾಕಿ ಎಷ್ಟು ಎಂಬ ಮೂರು ಕಾಲಂಗಳ ಪಟ್ಟಿ ಮೇಲಿನವರಿಗೆ ಹೋಗಬೇಕು. ಅದಕ್ಕೆ ಡಿ.ಸಿ.ಬಿ. ಅನ್ನುತ್ತೇವೆ. ಆ ಪಟ್ಟಿ ತಾಳೆಯಾಗದೆ ಒಂದು ಸಂಜೆ ಪೇಟೆ ಬೀದಿಯ ರಿಜಿಸ್ಟರನ್ನು ಎಡಕ್ಕೂ ಬಾವಿ ಬೀದಿಯ ರಿಜಿಸ್ಟರನ್ನು ಬಲಕ್ಕೂ ಇಟ್ಟುಕೊಂಡು ಕೂತಿದ್ದೆ. ಎರಡೂ ಬೀದಿ ಒಂದು ಮೂಲೆಯಲ್ಲಿ ಕೂಡುತ್ತವೆ. ಆದರೆ ವಾರ್ಡಿನ ಗಡಿ ಅಲ್ಲಿಯೇ ಹಾದುಹೋಗುವುದರಿಂದ ವಾರ್ಡೂ ಬೇರೆ, ಬಿಲ್ ಕಲೆಕ್ಟರೂ ಬೇರೆ.

ಬಾವಿ ಬೀದಿಯ ಪುಟದಲ್ಲಿ ಒಂದು ಚೆಕ್ಕುಬಂದಿ ಕಣ್ಣಿಗೆ ಬಿತ್ತು. ಪೂರ್ವಕ್ಕೆ ಬಾವಿ ಬೀದಿ, ದಕ್ಷಿಣಕ್ಕೆ ಶೆಟ್ಟರ ಗೋದಾಮು, ಪಶ್ಚಿಮಕ್ಕೆ ಮೇಷ್ಟ್ರ ಮನೆ, ಉತ್ತರಕ್ಕೆ ರಸ್ತೆ. ನಾನು ಆ ಊರಲ್ಲೇ ಹುಟ್ಟಿ ಬೆಳೆದವನು. ಬಾವಿ ಬೀದಿ ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಬಿದ್ದಿದೆ. ಬೆಳಿಗ್ಗೆ ಎದ್ದರೆ ಬೀದಿಯ ತುದಿಯಲ್ಲೇ ಸೂರ್ಯ. ಅಂಥ ಬೀದಿಯ ಸಾಲುಮನೆಗೆ ಬೀದಿ ಉತ್ತರಕ್ಕೋ ದಕ್ಷಿಣಕ್ಕೋ ಇರಬೇಕೇ ಹೊರತು ಪೂರ್ವಕ್ಕೆ ಬರಲು ಸಾಧ್ಯವೇ ಇಲ್ಲ. ಶೆಟ್ಟರ ಗೋದಾಮಿನ ದಕ್ಷಿಣಕ್ಕೂ ಉತ್ತರಕ್ಕೂ ಮನೆಯೊಂದು ಅಂಟಿಕೊಂಡಿದ್ದನ್ನು ನಾನಂತೂ ನೋಡಿರಲಿಲ್ಲ.

ಎಡಗಡೆಯ ರಿಜಿಸ್ಟರಿನಲ್ಲಿ ಪೇಟೆ ಬೀದಿಯ 217ನೇ ನಂಬರ್ ತೆಗೆದೆ. ಪೂರ್ವಕ್ಕೆ ಪೇಟೆ ಬೀದಿ, ದಕ್ಷಿಣಕ್ಕೆ ಬಾವಿ ಬೀದಿ, ಪಶ್ಚಿಮಕ್ಕೆ ಶೆಟ್ಟರ ಗೋದಾಮು, ಉತ್ತರಕ್ಕೆ ಮೇಷ್ಟ್ರ ಮನೆ. ಒಂದು ಚೀಟಿಯಲ್ಲಿ ಚೌಕ ಬರೆದು ಬಾವಿ ಬೀದಿಯ ನಾಲ್ಕು ದಿಕ್ಕು ತುಂಬಿದೆ. ಚೀಟಿಯನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿದೆ. ಶೆಟ್ಟರು ಪಶ್ಚಿಮಕ್ಕೆ ಬಂದರು, ಮೇಷ್ಟ್ರು ಉತ್ತರಕ್ಕೆ ಹೋದರು, ಉತ್ತರದ ರಸ್ತೆ ಪೂರ್ವದ ಪೇಟೆ ಬೀದಿಯಾಯಿತು. ಮನೆ ಒಂದೇ.

ಅಳತೆಯೂ ಹಾಗೇ. 217ರಲ್ಲಿ ಪೂರ್ವ–ಪಶ್ಚಿಮ 48 ಅಡಿ, ಉತ್ತರ–ದಕ್ಷಿಣ 30. ಬಾವಿ ಬೀದಿಯ 1093ರಲ್ಲಿ ಪೂರ್ವ–ಪಶ್ಚಿಮ 30, ಉತ್ತರ–ದಕ್ಷಿಣ 48. ಗುಣಿಸಿದರೆ ಎರಡೂ 1,440 ಚದರಡಿ. ಇಲ್ಲಿ ಒಂದು ಸೂಕ್ಷ್ಮ ಹೇಳಬೇಕು. ಅಣ್ಣತಮ್ಮಂದಿರು ಪಾಲಾದರೆ ಒಂದು ಮನೆಗೆ ಎರಡು ನಂಬರ್ ಬರುವುದು ಸಹಜ, ಅದು ತಪ್ಪೇನಲ್ಲ. ಆದರೆ ಪಾಲಾದಾಗ ಅಳತೆಯೂ ಹಂಚಿಹೋಗುತ್ತದೆ. 48 ಎಂಬುದು 24–24 ಆಗುತ್ತದೆ, ಮತ್ತು ಒಬ್ಬನ ಚೆಕ್ಕುಬಂದಿಯಲ್ಲಿ ಇನ್ನೊಬ್ಬನ ಹೆಸರು ಬರುತ್ತದೆ. ಇಲ್ಲಿ ಎರಡು ಕಡೆಯೂ ಪೂರ್ತಿ 1,440 ನಿಂತಿತ್ತು. ಒಂದರ ನಾಲ್ಕು ದಿಕ್ಕಿನಲ್ಲಿ ಎಲ್ಲೂ ಇನ್ನೊಂದರ ಸುಳಿವಿಲ್ಲ. ಒಂದೇ ಮನೆ ಎರಡು ಸಲ ಬರೆಸಿಕೊಂಡಿದೆ ಎಂದು ಗೊತ್ತಾಗುವುದು ಹೀಗೆ.

ಕಂಪ್ಯೂಟರಿಗೆ ಇದು ಯಾಕೆ ಸಿಗಲಿಲ್ಲ ಎಂದರೆ, ಅದಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ. ಬೀದಿ ಬೇರೆ, ವಾರ್ಡ್ ಬೇರೆ, ಅಳತೆ ಅದಲುಬದಲು. ಹೆಸರೂ ಬೇರೆ: 217 ಯಜಮಾನರ ಹೆಸರಲ್ಲಿ, ಮುಂದೆ ಅವರ ತಂದೆಯ ಹೆಸರಿಗೆ ‘ಬಿನ್ ಲೇಟ್’ ಎಂದು. 1093 ಒಬ್ಬ ಹೆಂಗಸಿನ ಹೆಸರಲ್ಲಿ, ‘ಕೋಂ’ ಎಂದು ಅದೇ ಯಜಮಾನರ ಹೆಸರು. ಅದರಲ್ಲೂ ಒಂದು ಕಡೆ ಒತ್ತಕ್ಷರ ಉಂಟು, ಇನ್ನೊಂದು ಕಡೆ ಇಲ್ಲ. ಯಂತ್ರಕ್ಕೆ ಅವರಿಬ್ಬರೂ ಇಬ್ಬರೇ.

ಆದರೆ ನನ್ನನ್ನು ಆ ಸಂಜೆ ಕುರ್ಚಿಯಲ್ಲಿ ಹಿಡಿದು ಕೂರಿಸಿದ್ದು ಇದ್ಯಾವುದೂ ಅಲ್ಲ. ಜೋಡಿ ನಮೂದು ನಮಗೆ ಹೊಸದಲ್ಲ. ಸಾಮಾನ್ಯವಾಗಿ ಒಂದಕ್ಕೆ ತೆರಿಗೆ ಬರುತ್ತಿರುತ್ತದೆ, ಇನ್ನೊಂದು ಬಾಕಿ ಬೆಳೆಯುತ್ತಾ ಹೋಗುತ್ತದೆ. ಜುಲೈಯಿಂದ ತಿಂಗಳಿಗೆ ಶೇ 2ರಂತೆ ದಂಡ ಏರಿ ಏರಿ, ಒಂದು ದಿನ ಆ ಬಾಕಿಯೇ ನಮ್ಮನ್ನು ಸ್ಥಳಕ್ಕೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಬಾಕಿಯೇ ಇರಲಿಲ್ಲ. ಎರಡೂ ನಂಬರಿಗೆ 11 ವರ್ಷದಿಂದ ಒಂದು ವರ್ಷವೂ ತಪ್ಪದೆ ಯಾರೋ ದುಡ್ಡು ಕಟ್ಟಿದ್ದರು.

217ಕ್ಕೆ ಪ್ರತಿ ವರ್ಷ ಏಪ್ರಿಲ್ ಮೊದಲ ವಾರದಲ್ಲೇ ಕಟ್ಟಿದ್ದಾರೆ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಉಂಟಲ್ಲ, ಅದನ್ನು ಒಂದು ಸಲವೂ ಬಿಟ್ಟಿಲ್ಲ. 1093ಕ್ಕೆ ಬರುವುದು ಗೌರಿ–ಗಣೇಶ ಹಬ್ಬದ ಹಿಂದುಮುಂದು, ದಂಡದ ಸಮೇತ. ಹೆಚ್ಚೇನಿಲ್ಲ. ಆ ವರ್ಷದ ತೆರಿಗೆ 1,200 ರೂಪಾಯಿ. ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ದಂಡ ತಿಂಗಳಿಗೆ 24 ರೂಪಾಯಿ. ರಸೀದಿ ಪುಸ್ತಕದ ಪ್ರತಿಗಳನ್ನು ತೆಗೆಸಿ ನೋಡಿದೆ. ಏಪ್ರಿಲ್‌ನ ಸಹಿ ಒಬ್ಬರದು, ಹಬ್ಬದ ಸಹಿ ಇನ್ನೊಬ್ಬರದು. ಇಬ್ಬರ ಸಹಿಯಲ್ಲೂ ಕೊನೆಯ ಗೆರೆ ಒಂದೇ ಥರ ಕೆಳಕ್ಕೆ ಬಾಗಿತ್ತು. ಒಂದೇ ಸ್ಕೂಲಿನ ಒಬ್ಬರೇ ಮೇಷ್ಟ್ರ ಹತ್ತಿರ ಕಾಪಿ ಬರೆದ ಕೈಗಳು.

ಮಾರನೇ ದಿನ ಸಾಹೇಬರ ಮುಂದೆ ಎರಡೂ ಪುಸ್ತಕ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದ್ದು ಇಷ್ಟೇ: “ಇಬ್ರೂ ಕಟ್ತಾ ಅವ್ರಲ್ಲಪ್ಪ, ನಿಂಗೇನು ಕಷ್ಟ?”

ಅವರ ಮಾತು ಉಡಾಫೆಯದಲ್ಲ. ಡಿಮ್ಯಾಂಡ್ ಏರಿದರೆ ಯಾರೂ ಕೇಳುವುದಿಲ್ಲ, ಇಳಿದರೆ ಸ್ಥಳೀಯ ಲೆಕ್ಕಪರಿಶೋಧನೆಯವರು ಯಾಕೆ ಇಳಿಯಿತು, ಯಾರ ಆದೇಶದ ಮೇಲೆ ಇಳಿಯಿತು ಎಂದು ಆಕ್ಷೇಪಣೆ ಬರೆಯುತ್ತಾರೆ. ಒಂದು ಮನೆ ಪಟ್ಟಿಗೆ ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟ. ಅದೂ ನೂರಕ್ಕೆ ನೂರು ವಸೂಲಿ ಇರುವ ನಮೂದು. ಕೈ ಹಾಕಲು ಯಾವ ಗುಮಾಸ್ತನಿಗೂ ಕಾರಣವಿಲ್ಲ. ನಾನೂ ಹಾಕುತ್ತಿರಲಿಲ್ಲವೇನೋ. ಆದರೆ ಚೀಟಿ ತಿರುಗಿಸಿ ಕಂಡುಹಿಡಿದ ಜಂಬ ಒಂದು ಇತ್ತಲ್ಲ, ಅದು ಬಿಡಲಿಲ್ಲ.

ಬಿಲ್ ಕಲೆಕ್ಟರನ್ನು ಕರೆದುಕೊಂಡು ಟೇಪು ಹಿಡಿದು ಹೋದೆ. ಹಳೆಯ ನಾಡಹೆಂಚಿನ ಮನೆ. ಪೇಟೆ ಬೀದಿಗೆ ದೊಡ್ಡ ಬಾಗಿಲು, ಜಗುಲಿ. ಬಾವಿ ಬೀದಿಗೆ ಹಿತ್ತಿಲ ಬಾಗಿಲಿನಂಥ ಚಿಕ್ಕ ಬಾಗಿಲು, ಅದರ ಮುಂದೆ ಎರಡು ಕಲ್ಲು ಮೆಟ್ಟಿಲು. ಮುಂದಿನ ಬಾಗಿಲ ಚೌಕಟ್ಟಿನ ಮೇಲೆ ತಗಡಿನ ನಂಬರ್ ಪ್ಲೇಟು, ಹಿಂದಿನ ಚೌಕಟ್ಟಿನ ಮೇಲೂ ಒಂದು. ನೀರಿನ ನಲ್ಲಿ ಒಂದೇ, ಕರೆಂಟಿನ ಮೀಟರ್ ಒಂದೇ. ಒಳಗೆ ಗೋಡೆ ಎದ್ದಿಲ್ಲ, ಒಲೆ ಒಂದೇ.

ಹಿಂದಿನ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೇ 1093.

“ಏನಪ್ಪಾ ಅಳೀತಿದೀರಾ? ರೋಡು ಅಗಲ ಮಾಡ್ತಾರಾ?”

“ಇಲ್ಲಮ್ಮ, ತೆರಿಗೆ ಲೆಕ್ಕ ನೋಡ್ತಿದೀವಿ. ಈ ಪ್ಲೇಟು ಯಾವಾಗ ಹೊಡೆದಿದ್ದು ಗ್ಯಾನ ಇದೆಯಾ?”

ಚೆನ್ನಾಗಿಯೇ ನೆನಪಿತ್ತು. 2005ರಲ್ಲಿ ಮನೆಮನೆ ಸರ್ವೆ ನಡೆಯಿತು. ಆಸ್ತಿ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕಾಲ ಅದು. ಬೀದಿಗೆ ಒಬ್ಬನಂತೆ ಕಾಲೇಜು ಮುಗಿಸಿದ ಹುಡುಗರನ್ನು ದಿನಗೂಲಿಗೆ ಹಾಕಿದ್ದರು. ಪೇಟೆ ಬೀದಿಯ ಹುಡುಗ ಮುಂದಿನ ಬಾಗಿಲಿಗೆ ಬಂದಾಗ ದೊಡ್ಡ ಮಗ ಜಗುಲಿಯಲ್ಲಿದ್ದ. ಮನೆ ಯಾರದು ಎಂದರೆ ತಂದೆಯ ಹೆಸರು ಹೇಳಿದ, ಹಳೆಯ ಖಾತೆ ತೋರಿಸಿದ. ತಂದೆ ತೀರಿಕೊಂಡಿದ್ದು 1998ರಲ್ಲಿ. ಏಳು ವರ್ಷವಾದರೂ ಖಾತೆ ಬದಲಾಗಿರಲಿಲ್ಲ, ಅದೇನೂ ಅಪರೂಪವಲ್ಲ. ಎರಡು ದಿನ ಬಿಟ್ಟು ಬಾವಿ ಬೀದಿಯ ಹುಡುಗ ಹಿಂದಿನ ಬಾಗಿಲು ತಟ್ಟಿದ. ಅಜ್ಜಿ ಇದೇ ಮೆಟ್ಟಿಲ ಮೇಲಿದ್ದರು.

“ಮನೆ ಯಾರದಮ್ಮ ಅಂದ. ಇನ್ಯಾರದು, ನಂದೇ ಅಂದೆ. ಹೆಸ್ರು ಕೇಳ್ದ, ಹೇಳ್ದೆ. ಯಜಮಾನ್ರ ಹೆಸ್ರು ಕೇಳ್ದ. ನಾನು ಹೇಳೋದುಂಟಾ? ಪಕ್ಕದ ಮನೆ ಹುಡುಗಿ ಕೈಲಿ ಹೇಳಿಸ್ದೆ.”

ಒತ್ತಕ್ಷರ ಎಲ್ಲಿ ಬಿತ್ತು, ಎಲ್ಲಿ ಬಿಟ್ಟಿತು ಎಂಬುದು ಅಲ್ಲಿಗೆ ಗೊತ್ತಾಯಿತು. ದಿಕ್ಕು ತಿರುಗಿದ್ದೂ ಅದೇ ಮೆಟ್ಟಿಲ ಮೇಲೆ. ಮನೆಯ ಬಾಗಿಲು ಪೂರ್ವಕ್ಕೇ ಇರುತ್ತದೆ ಎಂದು ನಂಬಿದ ಹುಡುಗ ಚಿಕ್ಕ ಬಾಗಿಲಿನ ಕಡೆ ಪೂರ್ವ ಎಂದು ಬರೆದುಕೊಂಡು ಉಳಿದ ಮೂರು ದಿಕ್ಕನ್ನು ಅದಕ್ಕೆ ತಕ್ಕಂತೆ ತುಂಬಿದ್ದ. ತಪ್ಪು ಮಾಡಿದರೂ ಅಚ್ಚುಕಟ್ಟಾಗಿ ಮಾಡಿದ್ದ. ನಾಲ್ಕರಲ್ಲಿ ಒಂದು ದಿಕ್ಕು ಸರಿಯಾಗಿ ಬರೆದು ಮೂರು ತಪ್ಪಿದ್ದರೆ ನನಗೆ ಎಂದಿಗೂ ಹೊಳೆಯುತ್ತಿರಲಿಲ್ಲ.

ಚಿಕ್ಕ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ. ಅಣ್ಣತಮ್ಮಂದಿರಿಗೆ ಮಾತು ನಿಂತು ಬಹಳ ವರ್ಷವಾಗಿತ್ತು. ಅಣ್ಣ ಮುಂದಿನ ಕೋಣೆಯಲ್ಲಿ ಸಂಸಾರ ನಡೆಸುತ್ತಿದ್ದ. ತಮ್ಮ ಹಬ್ಬಕ್ಕೆ ಬಂದರೆ ಹಿಂದಿನ ಬಾಗಿಲಿನಿಂದ ಬಂದು ತಾಯಿಯ ಹತ್ತಿರ ಎರಡು ದಿನ ಇದ್ದು ಹೋಗುತ್ತಿದ್ದ. ಸರ್ವೆಯಾದ ವರ್ಷ ಹೊಸ ನಂಬರಿಗೆ ಡಿಮ್ಯಾಂಡ್ ನೋಟಿಸು ಹಿಂದಿನ ಬಾಗಿಲಿಗೆ ಬಂತು. ಅದು ಅವನ ಕೈಗೆ ಸಿಕ್ಕಿತು. ಅಣ್ಣ ಮುಂದಿನದಕ್ಕೆ ಕಟ್ಟುತ್ತಾನೆ, ನಾನು ಹಿಂದಿನದಕ್ಕೆ ಕಟ್ಟಿ ರಸೀದಿ ಇಟ್ಟುಕೊಂಡರೆ ನಾಳೆ ಪಾಲಿನ ಮಾತು ಬಂದಾಗ ಆಗುತ್ತದೆ ಎಂದು ಅವನ ಲೆಕ್ಕ. ಅಣ್ಣನ ಲೆಕ್ಕವೂ ಬೇರೆಯೇನಲ್ಲ.

ಇದನ್ನು ಕೌಂಟರಿನಲ್ಲಿ ಕೂತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತೆರಿಗೆ ಕಟ್ಟಿದ ರಸೀದಿಯಿಂದ ಆಸ್ತಿಯ ಹಕ್ಕು ಬರುವುದಿಲ್ಲ. ಖಾತೆ ಎಂಬುದೂ ಯಾರಿಂದ ತೆರಿಗೆ ವಸೂಲು ಮಾಡಬೇಕು ಎಂದು ಪುರಸಭೆ ಇಟ್ಟುಕೊಂಡ ಲೆಕ್ಕ. ಹಕ್ಕು ಇರುವುದು ನೋಂದಾಯಿತ ಪತ್ರದಲ್ಲಿ, ಇಲ್ಲದಿದ್ದರೆ ವಾರಸುದಾರಿಕೆಯಲ್ಲಿ. ತಲೆಯಾಡಿಸುತ್ತಾರೆ. ಆಮೇಲೆ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ತೆಗೆದುಕೊಂಡು ಹೋಗುತ್ತಾರೆ.

ಅಜ್ಜಿಗೆ ವಿಷಯ ವಿವರಿಸಿದೆ. ನಿಮ್ಮ ಮನೆ ನಮ್ಮ ಪುಸ್ತಕದಲ್ಲಿ ಎರಡು ಕಡೆ ಇದೆ, ಒಂದು ಯಜಮಾನರ ಹೆಸರಲ್ಲಿ, ಒಂದು ನಿಮ್ಮ ಹೆಸರಲ್ಲಿ ಅಂದೆ. ಸುಲಿಯುತ್ತಿದ್ದ ಕೈ ನಿಂತಿತು.

“ನನ್ನ ಹೆಸ್ರಲ್ಲಿ ಮನೆ ಐತಾ?”

“ಪುಸ್ತಕದಲ್ಲಿ ಇದೆಯಮ್ಮ.”

“ಯಾವತ್ತಿಂದ?”

“ಹನ್ನೊಂದು ವರ್ಷ ಆಯ್ತು.”

ಮೊರದಲ್ಲಿದ್ದ ಕಾಳನ್ನೊಮ್ಮೆ ಕೈಯಾಡಿಸಿ ಸಮ ಮಾಡಿದರು. ಯಾರೂ ಹೇಳಲೇ ಇಲ್ಲ ಅಂದರು. ದೂರು ಹೇಳಿದ ಹಾಗೂ ಇರಲಿಲ್ಲ. ಆಮೇಲೆ, “ಎಷ್ಟು ಅಡಿ ಅಂತ ಬರ್ದವ್ರೆ?” ಎಂದು ಕೇಳಿದರು. ಮೂವತ್ತು, ನಲವತ್ತೆಂಟು ಅಂದೆ. ಪೂರ್ತಿಯಾ ಅಂದರು. ಪೂರ್ತಿ ಅಂದೆ.

ಬಿಲ್ ಕಲೆಕ್ಟರ್ ಟೇಪು ಸುತ್ತಿಕೊಂಡ. ನನಗೆ ಆಗ ಗೊತ್ತಿದ್ದದ್ದು ಏನೆಂದರೆ, ಎರಡರಲ್ಲಿ ಹೋಗಬೇಕಾದದ್ದು 1093ನೇ. ಮನೆಯ ಕ್ರಯಪತ್ರ ಯಜಮಾನರ ಹೆಸರಿನಲ್ಲಿ 1974ರಲ್ಲಿ ನೋಂದಣಿಯಾದದ್ದು, 217 ಆ ಪತ್ರದ ಮೇಲೆ ನಿಂತ ಖಾತೆ. 1093ಕ್ಕೆ ಹಿಂದೆ ಒಂದು ಕಾಗದವೂ ಇಲ್ಲ, ಮೆಟ್ಟಿಲ ಮೇಲೆ ಕೂತ ಹೆಂಗಸೊಬ್ಬಳು ‘ನಂದೇ’ ಎಂದ ಮಾತು ಬಿಟ್ಟರೆ. ದಾಖಲೆ ಇಲ್ಲದೆ ಹುಟ್ಟಿದ ನಮೂದನ್ನೇ ರದ್ದು ಮಾಡಬೇಕು. ಕಾನೂನಿನಲ್ಲಿ ಎರಡನೇ ಮಾತಿಲ್ಲ. ಹನ್ನೊಂದು ವರ್ಷ ಇವರಿಗೆ ಗೊತ್ತಿಲ್ಲದೆ ಇದ್ದ ಮನೆಯನ್ನು, ಗೊತ್ತಾದ ದಿನವೇ ತೆಗೆಯಲು ಹೊರಟವನು ನಾನು.

ಕಚೇರಿಗೆ ಬಂದು ಕಡತ ತೆರೆದೆ. ಗುಮಾಸ್ತ ಒಂದು ಗೀಟು ಎಳೆದರೆ ಆಗುವ ಕೆಲಸ ಅಲ್ಲ ಇದು. ಕಂದಾಯ ನಿರೀಕ್ಷಕರು ಸ್ಥಳಕ್ಕೆ ಬಂದು ಶೆಟ್ಟರನ್ನೂ ಮೇಷ್ಟ್ರನ್ನೂ ಪಂಚರಾಗಿ ಕರೆದು ಮಹಜರು ಬರೆದರು. ಹಣ ಕಟ್ಟಿದ ಇಬ್ಬರಿಗೂ ಅಜ್ಜಿಗೂ ನೋಟಿಸು ಹೋಯಿತು, ಆಕ್ಷೇಪಣೆ ಇದ್ದರೆ 30 ದಿನದೊಳಗೆ ಹೇಳಿ ಎಂದು. ಚಿಕ್ಕ ಮಗ ಬೆಂಗಳೂರಿನಿಂದ ಬಂದ, ಕೈಯಲ್ಲಿ 11 ರಸೀದಿ. ದೊಡ್ಡ ಮಗನೂ ಬಂದ, ಅವನ ಹತ್ತಿರವೂ 11. ನನ್ನ ಮೇಜಿನ ಆ ಕಡೆ ಈ ಕಡೆ ನಿಂತು ಇಬ್ಬರೂ ನನ್ನ ಜೊತೆ ಜಗಳವಾಡಿದರು. ಒಬ್ಬರ ಜೊತೆ ಒಬ್ಬರು ಆಡಲಿಲ್ಲ.

“ಹಂಗಾದ್ರೆ ನಾನು ಕಟ್ಟಿದ ದುಡ್ಡು ಗಂಗಾರ್ಪಣನಾ ಸಾರ್?” ಎಂದ ತಮ್ಮ. ಒಂದು ಅರ್ಜಿ ಕೊಡಿ, ಕಟ್ಟಿದ್ದನ್ನು ಮುಂದಿನ ಡಿಮ್ಯಾಂಡಿಗೆ ಹೊಂದಾಣಿಕೆ ಮಾಡಲು ಟಿಪ್ಪಣಿ ಬರೆಯುತ್ತೇನೆ ಅಂದೆ. ಪೆನ್ನು ತೆಗೆದುಕೊಂಡ. ‘1093ನೇ ನಂಬರ್ ತಪ್ಪಾಗಿ ದಾಖಲಾಗಿದ್ದರಿಂದ’ ಎಂದು ಶುರುಮಾಡಬೇಕಲ್ಲ, ಆ ‘ತಪ್ಪಾಗಿ’ ಎಂಬಲ್ಲಿಗೆ ಬಂದು ಪೆನ್ನು ಇಟ್ಟುಬಿಟ್ಟ. ದುಡ್ಡು ಹೋದರೆ ಹೋಗಲಿ, ಬರೆದುಕೊಡಲ್ಲ ಅಂದ. ಆ ದುಡ್ಡು ಇವತ್ತಿಗೂ ಹಾಗೇ ಇದೆ.

ಇನ್ನುಳಿದದ್ದು 217. ಸತ್ತವರ ಹೆಸರಿನಲ್ಲಿ ಎಷ್ಟು ದಿನ ಅಂತ ನೋಟಿಸು ಕಳಿಸುವುದು? ವಾರಸಾ ಖಾತೆ ಮಾಡಿಸಿಕೊಳ್ಳಿ, ಮರಣ ಪತ್ರ ಮತ್ತು ವಂಶವೃಕ್ಷ ತನ್ನಿ ಎಂದು ಇಬ್ಬರಿಗೂ ಹೇಳಿದೆ. ವಂಶವೃಕ್ಷ ಬಂದಾಗ ನೋಡುತ್ತೇನೆ, ನಾಲ್ಕು ಹೆಸರು. ಅಜ್ಜಿ, ಇಬ್ಬರು ಗಂಡುಮಕ್ಕಳು, ತಿಪಟೂರಿಗೆ ಕೊಟ್ಟ ಒಬ್ಬ ಮಗಳು. ಇಷ್ಟೂ ದಿನದ ಜಗಳದಲ್ಲಿ ಆ ಮಗಳ ಹೆಸರು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಯಜಮಾನರು ಸ್ವಂತ ದುಡ್ಡಿನಿಂದ ಕೊಂಡ ಮನೆ, ಉಯಿಲು ಬರೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿಗೂ ಮಕ್ಕಳಿಗೂ ಸಮ ಪಾಲು, ಹೆಣ್ಣೋ ಗಂಡೋ ಅಂತಿಲ್ಲ. ನಾಲ್ಕರಲ್ಲಿ ಒಂದು ತಲಾ. ಎರಡರಲ್ಲಿ ಒಂದು ಎಂದು ಹನ್ನೊಂದು ವರ್ಷ ರಸೀದಿ ಕೂಡಿಟ್ಟವರ ಮುಖ ಆ ದಿನ ನೋಡಬೇಕಿತ್ತು. (ನೋಡಿ ಸಂತೋಷಪಟ್ಟೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಸರ್ಕಾರಿ ನೌಕರನಿಗೆ ಅಂಥ ಸಂತೋಷ ಅಪರೂಪ.)

ಮುಖ್ಯಾಧಿಕಾರಿಗಳ ಆದೇಶ ಬಂದ ಮೇಲೆ 1093ರ ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದು ‘ಜೋಡಿ ನಮೂದು, ರದ್ದು. ನೋಡಿ ಕ್ರ.ಸಂ. 217’ ಎಂದು ಬರೆದು ದಿನಾಂಕ ಹಾಕಿದೆ. 217ರಲ್ಲಿ ಯಜಮಾನರ ಹೆಸರು ಕಡಿಮೆ ಮಾಡಿ ನಾಲ್ವರನ್ನು ಜಂಟಿಯಾಗಿ ಸೇರಿಸಬೇಕಿತ್ತು. ರಿಜಿಸ್ಟರಿನಲ್ಲಿ ಮಾಲೀಕರ ಹೆಸರಿನ ಕಾಲಂ ಎರಡು ಬೆರಳಗಲ. ಅಲ್ಲಿ ಹೇಗೋ ಸಣ್ಣ ಅಕ್ಷರದಲ್ಲಿ ನಾಲ್ಕನ್ನೂ ತುರುಕಿದೆ. ಆದರೆ ಕಂಪ್ಯೂಟರಿನ ತೆರಿಗೆ ಪಟ್ಟಿಯಲ್ಲಿ ಕಾಣುವುದು ಮೊದಲ ಹೆಸರು ಮಾತ್ರ. ಉಳಿದವರೆಲ್ಲ ‘ಮತ್ತು ಇತರರು’. ನೋಟಿಸಿನಲ್ಲೂ ರಸೀದಿಯಲ್ಲೂ ಹಾಗೇ ಅಚ್ಚಾಗುತ್ತದೆ. ಯಾರನ್ನು ಮೊದಲು ಹಾಕಬೇಕೆಂದು ಆದೇಶದಲ್ಲಿ ಇರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ದೊಡ್ಡ ಮಗ ಬರಲಿಲ್ಲ. ಹನ್ನೊಂದು ವರ್ಷ ಮೊದಲ ವಾರ ತಪ್ಪಿಸದವನು. ಜಂಟಿ ಅಂದಮೇಲೆ ತಮ್ಮನೂ ಕಟ್ಟಲಿ ಅಂತ ಇದ್ದನೇನೋ. ತಮ್ಮ, ಅಲ್ಲಿರುವವನು ಅಣ್ಣ, ಅವನೇ ಕಟ್ಟಲಿ ಅಂತ. ಎರಡೆರಡು ಸಲ ತೆರಿಗೆ ಕಟ್ಟಿಸಿಕೊಂಡ ಮನೆ ಬಾಕಿ ಪಟ್ಟಿಗೆ ಬಂತು. ಜೂನ್ ಮುಗಿಯಿತು, ದಂಡ ಶುರುವಾಯಿತು. ಆಗಸ್ಟಿನಲ್ಲಿ ನಿಯಮದಂತೆ ನೋಟಿಸು ಕಳಿಸಿದೆವು.

ಸೆಪ್ಟೆಂಬರ್ ಮೊದಲ ವಾರ ಅಜ್ಜಿ ತಾವೇ ಕೌಂಟರಿಗೆ ಬಂದರು. ನೋಟಿಸನ್ನು ನಾಲ್ಕಾಗಿ ಮಡಚಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದರು, ಪಿಂಚಣಿ ದುಡ್ಡು ಸೊಂಟದ ಗಂಟಿನಲ್ಲಿ. ಮೂರು ತಿಂಗಳ ದಂಡ ಸೇರಿದೆಯಮ್ಮ, ಏಪ್ರಿಲ್‌ನಲ್ಲಿ ಬಂದಿದ್ದರೆ ಉಳಿಯುತ್ತಿತ್ತು ಅಂದೆ. ಇರಲಿ ಬಿಡಪ್ಪ ಅಂದರು. ನೋಟುಗಳನ್ನು ಒಂದೊಂದಾಗಿ ಎಣಿಸಿ ಇಟ್ಟರು. ನಾನು ಮತ್ತೆ ಎಣಿಸಿದ್ದಕ್ಕೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು.

ರಸೀದಿ ಅಚ್ಚಾಗಿ ಬಂತು. ಓದಿ ಹೇಳು ಅಂದರು. ನಂಬರ್, ಬೀದಿ, ಅಳತೆ ಎಲ್ಲ ಓದಿದೆ. ಅವರ ಹೆಸರು ಬಂದಾಗ ಇನ್ನೊಂದು ಸಲ ಓದಿಸಿದರು. ಮೂರನೇ ಸಲ ಬೆರಳಿಟ್ಟು, ಇದೇನಾ ನನ್ನ ಹೆಸ್ರು ಅಂದರು. ಹೌದು ಅಂದೆ. ಬೆರಳು ಮುಂದಕ್ಕೆ ಸರಿಯಿತು.

“ಮುಂದೆ ಇನ್ನೂ ಏನೋ ಐತಲ್ಲ?”

“ಮತ್ತು ಇತರರು ಅಂತ ಇದೆಯಮ್ಮ.”

“ಇತರರು ಅಂದ್ರೆ ಯಾರಪ್ಪಾ?”

“ನಿಮ್ಮ ಮಕ್ಕಳು, ಅಜ್ಜಿ.”